ವಾರಕ್ಕೊಂದೇ, ಎರಡು ವಾರಕ್ಕೊಂದೇ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ವಾರಕ್ಕೆ ಆರು ದಿನ ದುಡಿಯುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಿ. ಲೇತ್ ಯಂತ್ರದ ಕೆಲಸವನ್ನು ವಿವರಿಸುವ ಐದು ನಿಮಿಷದ ವಿಡಿಯೋಗಳನ್ನು ಅವನು ಒಬ್ಬನೇ ತಯಾರಿಸಿ ಯೂಟ್ಯೂಬಿಗೆ ಹಾಕುತ್ತಾನೆ. ಬರವಣಿಗೆಗೆ ಅವನಿಗೆ ಸಿಗುವುದು ವಾರಕ್ಕೆ 4 ಗಂಟೆ ಮಾತ್ರ. ಹಾಗಾದರೆ ಎಷ್ಟು ದಿನಕ್ಕೊಂದು ವಿಡಿಯೋ ಹಾಕಬೇಕು?

ಇದಕ್ಕೆ ಉತ್ತರ ಗಡಿಯಾರದಲ್ಲಿದೆ. ಮೊದಲ ಮೂರು ಬರಹಗಳಿಗೆ ಹಿಡಿದ ಹೊತ್ತನ್ನು ಅವನು ಗುರುತು ಹಾಕಿಕೊಳ್ಳಲಿ. ಅದು 7, 8, 9 ಗಂಟೆ ಎಂದಿಟ್ಟುಕೊಂಡರೆ ಸರಾಸರಿ 8. ಅಂದರೆ ಒಂದು ಬರಹಕ್ಕೆ ಎರಡು ವಾರ ಬೇಕು. ಹಠ ಹಿಡಿದು ವಾರಕ್ಕೊಂದು ಮಾಡಿದರೆ ಮೊದಲು ಬಿಟ್ಟುಹೋಗುವುದು ಅಳತೆಗಳ ಪರಿಶೀಲನೆ ಮತ್ತು ಗಟ್ಟಿಯಾಗಿ ಓದಿ ತಿದ್ದುವ ಕೆಲಸ. ತಪ್ಪು ನುಸುಳುವುದು ಅಲ್ಲಿಯೇ.

ವಿಡಿಯೋದ ಉದ್ದವನ್ನು ಅರ್ಧಕ್ಕಿಳಿಸಿದರೆ ಸಾಲದೇ ಎಂದು ನೀವು ಕೇಳಬಹುದು. ವಿಷಯ ಅದೇ ಆಗಿದ್ದರೆ ಪರಿಶೀಲನೆಯ ಹೊತ್ತು ಕಡಿಮೆಯಾಗುವುದಿಲ್ಲ. ಆದ್ದರಿಂದ ವಿಷಯವನ್ನೇ ಕಿರಿದಾಗಿಸಬೇಕು. ಇಡೀ ಲೇತಿನ ಬದಲು, ಟೂಲಿನ ಮೊನೆಯನ್ನು ಕೇಂದ್ರದ ಎತ್ತರಕ್ಕೆ ಏಕೆ ಹೊಂದಿಸಬೇಕು ಎಂಬ ಒಂದೇ ಪ್ರಶ್ನೆಯಾದರೆ 4 ಗಂಟೆ ಸಾಕಾದೀತು.

ಓವರ್‌ಟೈಮ್ ಬಿದ್ದ ವಾರ ಯಾವ ಲೆಕ್ಕವೂ ಕೆಡುತ್ತದೆ. ಅದಕ್ಕಾಗಿ ಎರಡು ಬರಹಗಳು ಮುಗಿದು ಕೈಯಲ್ಲಿದ್ದ ಮೇಲೆಯೇ ದಿನವನ್ನು ಪ್ರಕಟಿಸಬೇಕು. ಆ ದಾಸ್ತಾನು ಪದೇ ಪದೇ ಬರಿದಾದರೆ, ಆರಿಸಿದ ವೇಗ ಹೆಚ್ಚಾಯಿತೆಂದೇ ತಿಳಿಯಿರಿ.

ಇನ್ನೊಂದು ಮಾತು: ನೋಡುಗರು ಎಲ್ಲಿ ಬಿಟ್ಟುಹೋದರೆಂಬ ನಕ್ಷೆಯನ್ನು ಯೂಟ್ಯೂಬ್ ತೋರಿಸುತ್ತದೆ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಕುಸಿದಿದ್ದರೆ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ಆರಂಭವನ್ನು ಮತ್ತೆ ಬರೆಯಬೇಕು.