ಕುಬಸದ ಹಾಡು: ಓಣಿಯ ಹೆಂಗಸರು ಕೂಡಿ ಹೇಳುವ ಹಾರೈಕೆ

ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಸೀಮಂತಕ್ಕೆ ಕುಬಸ ಎನ್ನುತ್ತಾರೆ. ಮೂರನೆಯ ತಿಂಗಳಿನ ಹೊತ್ತಿಗೆ ಮನೆಮಟ್ಟಿಗೆ ಕಳ್ಳಕುಬಸ ಮುಗಿಸಿ, ಐದು ಅಥವಾ ಏಳನೆಯ ತಿಂಗಳಲ್ಲಿ ನೆಂಟರನ್ನೂ ಓಣಿಯವರನ್ನೂ ಕರೆದು ಮಾಡುವುದು ಹಲವು ಕಡೆಯ ರೂಢಿ. ತವರಿನವರು ಹಸಿರು ಸೀರೆ, ಕುಪ್ಪಸ, ಬಳೆ ಹಾಗೂ ಬುತ್ತಿ ತರುತ್ತಾರೆ. ಬಸುರಿಯನ್ನು ಅಲಂಕರಿಸಿ ಕೂರಿಸಿ, ಮುತ್ತೈದೆಯರು ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಎಲೆ ಹಾಕಿ ಉಡಿ ತುಂಬಿ, ಕೊನೆಗೆ ಆರತಿ ಎತ್ತುತ್ತಾರೆ. ಇದಿಷ್ಟೂ ನಡೆಯುವಾಗ ಸುತ್ತ ಕುಳಿತ ಹೆಂಗಸರ ಬಾಯಲ್ಲಿ ಹಾಡು ಇರುತ್ತದೆ.

ಈ ಹಾಡನ್ನು ಯಾರೂ ಕುಳಿತು ಕಲಿಯುವುದಿಲ್ಲ. ಮೊದಲ ಸಲ ಕೇಳಿದವಳೂ ಎರಡನೆಯ ಸಾಲಿನ ಹೊತ್ತಿಗೆ ದನಿಗೂಡಿಸುತ್ತಾಳೆ. ಇದಕ್ಕೆ ಕಾರಣ ಹಾಡಿನ ಕಟ್ಟಡದಲ್ಲೇ ಇದೆ. ಸಾಲೊಂದು ಒಂದೇ ಉಸಿರಿಗೆ ಮುಗಿಯುವಷ್ಟು ಚಿಕ್ಕದು. ಧಾಟಿ ನಾಲ್ಕೈದು ಸ್ವರಗಳ ಒಳಗೇ ಸುತ್ತುತ್ತದೆ. ಹಿರಿಯಳೊಬ್ಬಳು ಸೊಲ್ಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ, ಇಲ್ಲವೆ ಬದಲಾಗದ ಪಲ್ಲವಿಯೊಂದನ್ನು ಸೇರಿಸುತ್ತಾರೆ. ಹೊಸ ಮಾತನ್ನು ನೆನಪಿಟ್ಟುಕೊಳ್ಳುವ ಭಾರ ಮುಂದಾಳಿನದು ಮಾತ್ರ.

ಮುಂದಾಳೂ ಪೂರ್ತಿ ಹಾಡನ್ನು ಬಾಯಿಪಾಠ ಮಾಡಿರಬೇಕಿಲ್ಲ. ಒಂದು ಸಾಲನ್ನು ಅಚ್ಚಿನಂತೆ ಇಟ್ಟುಕೊಂಡು ಒಂದೆರಡು ಪದ ಬದಲಿಸಿದರೆ ಮುಂದಿನ ಸಾಲು ಸಿದ್ಧ. ಉದಾಹರಣೆಗೆ ಹೊಸದಾಗಿ ಕಟ್ಟಿದ ಕೆಲವು ಸಾಲುಗಳನ್ನು ನೋಡಬಹುದು:

ಹಸಿರು ಸೀರೆ ಉಟ್ಟು ಕುಂತಾಳ ಗೌರಿ
ಸುಖವಾಗಿ ಹಡಿಯವ್ವ ತಂಗೆವ್ವ
ಹಸಿರು ಬಳಿ ತೊಟ್ಟು ಕುಂತಾಳ ಗೌರಿ
ಸುಖವಾಗಿ ಹಡಿಯವ್ವ ತಂಗೆವ್ವ

ಇಲ್ಲಿ ಬದಲಾದದ್ದು ಸೀರೆಯ ಜಾಗಕ್ಕೆ ಬಳೆ, ಉಡುವುದರ ಜಾಗಕ್ಕೆ ತೊಡುವುದು. ಮುಂದೆ ದಂಡೆ ಮುಡಿಯುವುದು, ಉಡಿ ತುಂಬಿಸಿಕೊಳ್ಳುವುದು, ಬುತ್ತಿ ಉಣ್ಣುವುದು ಸಾಲಾಗಿ ಬರುತ್ತವೆ. ಕಣ್ಣೆದುರು ನಡೆಯುವ ಶಾಸ್ತ್ರವೇ ಮುಂದಿನ ಪದವನ್ನು ನೆನಪಿಸುತ್ತದೆ. ಉಡಿ ತುಂಬುವುದು ತಡವಾದರೆ ಇನ್ನೆರಡು ಸಾಲು ಹುಟ್ಟುತ್ತವೆ, ಬೇಗ ಮುಗಿದರೆ ಹಾಡೂ ಆರತಿಗೆ ಹೊರಳುತ್ತದೆ.

ಗೌರಿಯ ಜಾಗದಲ್ಲಿ ಬಸುರಿಯ ಹೆಸರು ಬರಬೇಕು. ಅನ್ನಪೂರ್ಣಾ ಎಂಬ ಉದ್ದ ಹೆಸರು ಬಂದರೆ ಅದನ್ನು ಬೇಗ ಬೇಗ ಉಚ್ಚರಿಸಿ, ಗೌರಿಯಂಥ ಎರಡಕ್ಷರದ ಹೆಸರಾದರೆ ಕೊನೆಯ ಸ್ವರವನ್ನು ಎಳೆದು ಸರಿದೂಗಿಸುತ್ತಾರೆ. ಕನ್ನಡ ಜನಪದ ಹಾಡುಗಳ ಅಂಶಗಣದ ಛಂದಸ್ಸು ಇಂಥ ಎಳೆತಕ್ಕೆ ಒಗ್ಗುತ್ತದೆ. ಗಣದ ಅಕ್ಷರಗಳು ಹೆಚ್ಚುಕಡಿಮೆಯಾದರೂ ಹಾಡುವಾಗ ಲಯ ಕೆಡುವುದಿಲ್ಲ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳದೂ ಇದೇ ಗುಣ. ಅಚ್ಚಿನಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹೇಳುತ್ತಾರೆ. ಹಾಗಾಗಿ ಪುಸ್ತಕ ನೋಡಿ ಓದಿದರೆ ಧಾಟಿ ಸಿಗುವುದಿಲ್ಲ, ಹಾಡುವವರ ಪಕ್ಕ ಕುಳಿತೇ ಕೇಳಬೇಕು.

ಹಾಡಿನ ಒಳಗಿನ ವಿಷಯದಲ್ಲಿ ಬಯಕೆಯದೇ ದೊಡ್ಡ ಪಾಲು. ಒಂದನೆಯ ತಿಂಗಳಿಂದ ಒಂಬತ್ತರವರೆಗೆ ಎಣಿಸುತ್ತ, ಹುಣಸೆಕಾಯಿ, ಮಾವಿನಕಾಯಿ, ಎಳೆಸೌತೆ ಎಂದು ತಿಂಗಳಿಗೊಂದು ಬಯಕೆ ಹೇಳುವ ಹಾಡುಗಳಿವೆ. ಎಣಿಕೆಯ ಕ್ರಮ ಇರುವುದರಿಂದ ಸಾಲು ತಪ್ಪುವುದಿಲ್ಲ, ತಿನಿಸನ್ನು ಮಾತ್ರ ಹೊಂದಿಸಿಕೊಂಡರೆ ಸಾಕು. ಬಸುರಿಗೆ ನಿಜವಾಗಿ ಏನು ಬೇಕೆನಿಸಿದೆ ಎಂದು ಕೇಳಿ ಅದನ್ನೇ ಸೇರಿಸಿದರೆ ಹಾಡು ಅವಳದಾಗುತ್ತದೆ. ಅವಳನ್ನು ನಗಿಸಲು ಅತ್ತೆ, ನಾದಿನಿ, ಗಂಡನ ಹೆಸರು ಹಿಡಿದು ಚೇಷ್ಟೆ ಮಾಡುವುದೂ ಉಂಟು. ಹೆರಿಗೆಯ ದಿಗಿಲು ಮನಸ್ಸಿನಲ್ಲಿಟ್ಟುಕೊಂಡು ಕುಳಿತವಳಿಗೆ ಈ ಚೇಷ್ಟೆ ಹಾರೈಕೆಯಷ್ಟೇ ಬೇಕಾದದ್ದು.

ಹಾಡು ಕೆಡುವುದು ಹೆಚ್ಚಾಗಿ ಶ್ರುತಿಯಿಂದ. ಮುಂದಾಳು ತನ್ನ ಗಂಟಲಿಗೆ ತಕ್ಕಂತೆ ಎತ್ತರದಲ್ಲಿ ಆರಂಭಿಸಿದರೆ ವಯಸ್ಸಾದವರ ದನಿ ಏರುವುದಿಲ್ಲ. ಗುಂಪು ಸಾಲಿನ ಕೊನೆಯ ಪದವನ್ನಷ್ಟೇ ಹೇಳತೊಡಗಿದರೆ ಶ್ರುತಿ ಮೇಲಾಗಿದೆ, ಇಲ್ಲವೇ ಸಾಲು ಉದ್ದವಾಗಿದೆ ಎಂದು ತಿಳಿಯಬೇಕು. ಆಗ ನಿಲ್ಲಿಸಿ, ಮಾತಾಡುವ ದನಿಗೆ ಇಳಿಸಿ, ಪಲ್ಲವಿಯಿಂದ ಮತ್ತೆ ಶುರುಮಾಡುವುದು ಒಳ್ಳೆಯದು. ಧ್ವನಿವರ್ಧಕದಲ್ಲಿ ಹಾಕಿದ ಸಿನಿಮಾ ಹಾಡಿನ ಜೊತೆ ದನಿಗೂಡಿಸಬಹುದಾದರೂ ಅದಕ್ಕೆ ಬಸುರಿಯ ಹೆಸರು ಸೇರಿಸಲಾಗದು, ಶಾಸ್ತ್ರಕ್ಕೆ ತಕ್ಕಂತೆ ಹಿಗ್ಗಿಸಲೂ ಆಗದು.

ಆರತಿಯ ಹೊತ್ತಿಗೆ ಲಯ ನಿಧಾನವಾಗಿ, ಹಾರೈಕೆ ನೇರವಾಗುತ್ತದೆ: ಹೆರಿಗೆ ಸುಖವಾಗಲಿ, ತೊಟ್ಟಿಲು ತುಂಬಲಿ, ತವರೂ ಗಂಡನ ಮನೆಯೂ ತಣ್ಣಗಿರಲಿ. ಹಳೆಯ ಹಾಡುಗಳಲ್ಲಿ ಗಂಡುಮಗು ಹುಟ್ಟಲಿ ಎಂಬ ಮಾತೇ ಹೆಚ್ಚು. ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕಾದ ಒತ್ತಾಯವಿಲ್ಲ. ಮಗ ಎಂಬಲ್ಲಿ ಕಂದ ಅಥವಾ ಕೂಸು ಎಂದರೆ ಅಕ್ಷರದ ಅಳತೆಯೂ ಕೆಡದು, ಧಾಟಿಯೂ ಹಾಗೆಯೇ ಉಳಿಯುತ್ತದೆ.