ಮೀಟರಿನ ಯೂನಿಟ್ ಬೇರೆ, ತಂತಿಯ ಹೊರೆ ಬೇರೆ: ಸಣ್ಣ ವೆಲ್ಡಿಂಗ್ ಅಂಗಡಿಯ ಲೆಕ್ಕ

ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಓದಿ, ಐಟಿಐ ಮುಗಿಸಿ, ಮನೆಯ ಮುಂಗಡೆಯಲ್ಲಿಯೇ ಗ್ರಿಲ್ ಮತ್ತು ಗೇಟ್ ಮಾಡುವ ಅಂಗಡಿ ತೆರೆಯುವ ತರುಣರು ಇದ್ದಾರೆ. ಮರಾಠಿ ವಿದ್ಯುತ್ ಬಿಲ್ಲಿನಲ್ಲಿ ‘ಮಂಜೂರ್ ಭಾರ್’ ಎಂದು ಅಚ್ಚಾಗಿರುವ ಅಂಕಿಯೇ ಅವರ ಅಂಗಡಿಗೆ ಇಲಾಖೆ ಒಪ್ಪಿರುವ ಹೊರೆ. ಆ ಅಂಕಿಯನ್ನು ಅಂದಾಜಿನಿಂದ ಬರೆದುಬಿಟ್ಟರೆ ರಾಡು ತಾಗಿದಾಗಲೆಲ್ಲ ನೆರೆಮನೆಯ ದೀಪ ಮಂಕಾಗುತ್ತದೆ, ಪ್ಲಗ್ ಕರಗುತ್ತದೆ, ಓಣಿಯಲ್ಲಿ ಜಗಳ ಹುಟ್ಟುತ್ತದೆ. ಇದನ್ನು ಲೆಕ್ಕ ಹಾಕಲು ಹತ್ತನೆಯ ತರಗತಿಯ ವಿಜ್ಞಾನ ಸಾಕು.

ಕಿಟಕಿಯ ಗ್ರಿಲ್ಲಿಗೆ 3.15 ಮಿ.ಮೀ. ರಾಡಿನಿಂದ 120 ಆಂಪಿಯರಿನಲ್ಲಿ ಬೆಸುಗೆ ಹಾಕುತ್ತಾರೆ ಎನ್ನೋಣ. ಕೈಯಿಂದ ಹಾಕುವ ರಾಡ್ ವೆಲ್ಡಿಂಗಿನಲ್ಲಿ ಆರ್ಕಿನ ವೋಲ್ಟೇಜನ್ನು ಅಂದಾಜಿಸಲು ಒಂದು ರೂಢಿಯ ಸೂತ್ರವಿದೆ:

U = 20 + 0.04 × I

120 ಆಂಪಿಯರಿಗೆ ಇದು ಸುಮಾರು 25 ವೋಲ್ಟ್. ಇವೆರಡರ ಗುಣಲಬ್ಧವಾದ 3 ಕಿಲೋವ್ಯಾಟ್ ಆರ್ಕಿನಲ್ಲಿ ಉರಿಯುವ ಶಕ್ತಿ. ಯಂತ್ರವು ತಾನೇ ಬಿಸಿಯಾಗಿ ಐದರಲ್ಲೊಂದು ಪಾಲನ್ನು ನುಂಗುತ್ತದೆಂದು ಹಿಡಿದರೆ ಗೋಡೆಯ ಕಡೆಯಿಂದ ಸುಮಾರು 3.7 ಕಿಲೋವ್ಯಾಟ್ ಬೇಕು.

ತೊಡಕು ಬರುವುದು ಇಲ್ಲಿಂದ ಮುಂದೆ. ಹಳೆಯ ಮಾದರಿಯ ಭಾರವಾದ ಟ್ರಾನ್ಸ್‌ಫಾರ್ಮರ್ ಯಂತ್ರವು ಆರ್ಕ್ ಹೊತ್ತಿಸಲು 75 ವೋಲ್ಟಿನಷ್ಟು ಸಿದ್ಧವಾಗಿಟ್ಟುಕೊಂಡಿರುತ್ತದೆ. ಆರ್ಕ್ ಹೊತ್ತಿದ ಮೇಲೆ ಬಳಕೆಯಾಗುವುದು 25 ವೋಲ್ಟ್ ಮಾತ್ರವಾದರೂ ಅದು ಗೋಡೆಯಿಂದ ಎಳೆಯುವ ಪ್ರವಾಹ ಆ 75 ವೋಲ್ಟಿನ ಲೆಕ್ಕದಲ್ಲಿಯೇ ಇರುತ್ತದೆ. 75 ಇಂಟು 120 ಎಂದರೆ 9 ಕೆವಿಎ. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಅದು 39 ಆಂಪಿಯರ್. ಅದೇ ಬೆಸುಗೆಯನ್ನು ಇನ್ವರ್ಟರ್ ಯಂತ್ರದಿಂದ ಹಾಕಿದರೆ, ಪವರ್ ಫ್ಯಾಕ್ಟರ್ 0.7 ಎಂದು ಹಿಡಿದಾಗ, 23 ಆಂಪಿಯರ್ ಸಾಕು. ಎರಡೂ ತಿನ್ನುವ ಯೂನಿಟ್ ಹೆಚ್ಚುಕಡಿಮೆ ಒಂದೇ. ಹೊರುವ ತಂತಿಗೆ ಮಾತ್ರ ಅಜಗಜಾಂತರ. ತಂತಿ ಬಿಸಿಯಾಗುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ, ಆದ್ದರಿಂದ 39 ಆಂಪಿಯರ್ ಹರಿಯುವಾಗಿನ ಬಿಸಿ 23 ಆಂಪಿಯರಿನದಕ್ಕಿಂತ ಸುಮಾರು ಮೂರು ಪಟ್ಟು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಯಂತ್ರ ಕೊಳ್ಳುವವರು ಈ ಮೂರು ಪಟ್ಟನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

‘ದಿನವಿಡೀ ಉರಿಸುವುದಿಲ್ಲವಲ್ಲ’ ಎಂಬ ಮಾತು ಅರ್ಧ ಸತ್ಯ. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಆರ್ಕ್ ಉರಿಯುತ್ತದೆ ಎಂಬುದೇ ಡ್ಯೂಟಿ ಸೈಕಲ್. ನಾಲ್ಕು ನಿಮಿಷ ಬೆಸುಗೆ, ಆರು ನಿಮಿಷ ಅಳತೆ, ಕತ್ತರಿಕೆ, ಸ್ಲ್ಯಾಗ್ ಬಡಿಯುವುದು ಎಂದಾದರೆ ಅದು ಶೇ. 40. ಆಗ ತಾಸಿಗೆ ಖರ್ಚಾಗುವುದು ಒಂದೂವರೆ ಯೂನಿಟ್. ಗರಿಷ್ಠ ಬೇಡಿಕೆಯನ್ನು ದಾಖಲಿಸುವ ಮೀಟರು ಸಾಮಾನ್ಯವಾಗಿ 15 ಅಥವಾ 30 ನಿಮಿಷಗಳ ಸರಾಸರಿಯನ್ನು ಹಿಡಿಯುವುದರಿಂದ ಅಲ್ಲಿಯೂ ಅಂಕಿ ಸೌಮ್ಯವಾಗಿಯೇ ಕಾಣುತ್ತದೆ. ತಂತಿಯ ಬಿಸಿಗೆ ಸರಿಯಾದ ಸರಾಸರಿ ಬೇರೆ: 39 × √0.4, ಅಂದರೆ ಸುಮಾರು 25 ಆಂಪಿಯರ್. ಮನೆಯ 16 ಆಂಪಿಯರ್ ಪ್ಲಗ್ ಏಕೆ ಕರಗಿತೆಂಬುದು ಇಲ್ಲಿ ತಿಳಿಯುತ್ತದೆ. ಇನ್ನು ನೆರೆಮನೆಯ ದೀಪಕ್ಕೆ ಯಾವ ಸರಾಸರಿಯೂ ಗೊತ್ತಿಲ್ಲ. ರಾಡು ಕಬ್ಬಿಣಕ್ಕೆ ತಾಗಿದ ಕ್ಷಣದಲ್ಲಿ ಯಂತ್ರ ಎಳೆಯುವ ಪೂರ್ಣ ಪ್ರವಾಹಕ್ಕೆ, ಕೆಲವೊಮ್ಮೆ ಅದಕ್ಕೂ ಮೀರಿದ್ದಕ್ಕೆ, ಓಣಿಯ ಸಾಮಾನ್ಯ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ.

ಒಳ್ಳೆಯ ಯಂತ್ರದ ಮೇಲಿನ ಫಲಕದಲ್ಲಿ ಈ ಎರಡೂ ಅಂಕಿಗಳಿರುತ್ತವೆ. I1max ಎಂಬುದು ಆರ್ಕ್ ಉರಿಯುವಾಗಿನ ಗರಿಷ್ಠ ಪ್ರವಾಹ. I1eff ಎಂಬುದು ಡ್ಯೂಟಿ ಸೈಕಲ್ ಸೇರಿಸಿ ತೆಗೆದ, ತಂತಿಯ ಗಾತ್ರಕ್ಕೆ ನೋಡಬೇಕಾದ ಪ್ರವಾಹ. ಅರ್ಜಿಯಲ್ಲಿ ಮೀಟರಿನ ಸರಾಸರಿಯನ್ನಲ್ಲ, ಈ ಫಲಕದ ಹೊರೆಯನ್ನೇ ಬರೆಸುವುದು ಲೇಸು. ಫಲಕವೇ ಇಲ್ಲದ ಯಂತ್ರವನ್ನು ನಾನಂತೂ ಯಾರಿಗೂ ಸೂಚಿಸಲಾರೆ.

ಪರಿಹಾರ ಎಲ್ಲ ಬಾರಿಯೂ ಹೊಸ ಸಂಪರ್ಕವೇ ಆಗಬೇಕೆಂದಿಲ್ಲ. ತೆಳು ಸಲಾಕೆಯ ಗ್ರಿಲ್ಲಿಗೆ 2.5 ಮಿ.ಮೀ. ರಾಡು, 80 ಆಂಪಿಯರ್ ಸಾಕಾಗುತ್ತದೆ. ಹಳೆಯ ಯಂತ್ರವೂ ಆಗ 39ರ ಬದಲು 26 ಆಂಪಿಯರ್ ಎಳೆಯುತ್ತದೆ. ತ್ರೀ ಫೇಸ್ ಸಂಪರ್ಕವಿದ್ದು, ಯಂತ್ರದಲ್ಲಿ 415 ವೋಲ್ಟಿನ ಜೋಡಣೆಯೂ ಇದ್ದರೆ, ಎರಡು ಫೇಸುಗಳ ನಡುವೆ 9 ಕೆವಿಎಗೆ 22 ಆಂಪಿಯರ್ ಮಾತ್ರ.

ದೋಷ ಯಾರದೆಂದು ತಿಳಿಯಲು ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ನಿಂದ ಬೆಸುಗೆ ನಡೆಯುತ್ತಿರುವಾಗಲೇ ಎರಡು ಕಡೆ ವೋಲ್ಟೇಜ್ ಅಳೆಯಿಸಬೇಕು: ಮೀಟರಿನ ಬಳಿ ಮತ್ತು ಯಂತ್ರದ ಸ್ವಿಚ್‌ಬೋರ್ಡಿನ ಬಳಿ. ಮೀಟರಿನ ಬಳಿ 228 ಇದ್ದು ಬೋರ್ಡಿನಲ್ಲಿ 205ಕ್ಕೆ ಇಳಿದರೆ ದೋಷ ಅಂಗಡಿಯ ಸ್ವಂತ ವೈರಿಂಗಿನಲ್ಲಿದೆ. ತೆಳು ತಂತಿಯನ್ನೋ ಸಡಿಲ ಜೋಡಣೆಯನ್ನೋ ಹುಡುಕಬೇಕು. ಮೀಟರಿನ ಬಳಿಯೇ 205 ಬಂದರೆ ಒಳಗಿನ ತಂತಿ ಬದಲಿಸಿ ಪ್ರಯೋಜನವಿಲ್ಲ. ಆ ಎರಡು ಅಂಕಿಗಳನ್ನೂ ಫಲಕದ ಫೋಟೋವನ್ನೂ ಅರ್ಜಿಗೆ ಲಗತ್ತಿಸಿ ವಿದ್ಯುತ್ ಕಚೇರಿಗೆ ಹೋಗಬೇಕು.