‘ಮುಂದುವರಿಸು’ ಎಂದರೆ ಎಲ್ಲಿಂದ?

ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿನಿಯೊಬ್ಬಳು ಮೂತ್ರಪಿಂಡದ ಪಾಠದ ಎಂಟು ಇಂಗ್ಲಿಷ್ ಪ್ರಶ್ನೋತ್ತರಗಳನ್ನು ಕೃತಕ ಬುದ್ಧಿಮತ್ತೆಯ ಸಂವಾದ ತಂತ್ರಾಂಶದಿಂದ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದಾಳೆ ಎಂದಿರಲಿ. ಐದನೆಯ ಉತ್ತರದ ನಡುವೆ ಬರಹ ನಿಂತಿತು. ಮರುದಿನ ತಂದೆಯ ಫೋನಿನಲ್ಲಿ ಹೊಸ ಸಂವಾದ ತೆರೆದು ‘ಮುಂದುವರಿಸು’ ಎಂದಷ್ಟೇ ಬರೆದಳು. ಏನನ್ನು ಮುಂದುವರಿಸಬೇಕೆಂಬ ಮರುಪ್ರಶ್ನೆ ಬಂದರೆ ಅದು ಅದೃಷ್ಟ. ಕೆಲವೊಮ್ಮೆ ಸಂಬಂಧವೇ ಇಲ್ಲದ ಬರಹವೊಂದು ನಿಸ್ಸಂಕೋಚವಾಗಿ ಹರಿದುಬರುತ್ತದೆ.

ಇದರ ಕಾರಣ ಸರಳ. ಇಂಥ ತಂತ್ರಾಂಶ ಪ್ರತಿ ಉತ್ತರಕ್ಕೂ ಮುನ್ನ ಆ ಸಂವಾದದಲ್ಲಿ ಅದುವರೆಗೆ ನಡೆದ ಮಾತುಕತೆಯನ್ನು ಮೊದಲಿನಿಂದ ಓದಿಕೊಳ್ಳುತ್ತದೆ. ಹಳೆಯ ಸಂವಾದದಲ್ಲಿ ‘ಮುಂದುವರಿಸು’ ಎಂಬ ಒಂದು ಪದ ಸಾಕಾಗುವುದು ಅರ್ಧ ಬರಹ ಅಲ್ಲಿಯೇ ಇರುವುದರಿಂದ. ಹೊಸ ಸಂವಾದ ಖಾಲಿ ಹಾಳೆ. ಕೆಲವು ತಂತ್ರಾಂಶಗಳಲ್ಲಿ ‘ನೆನಪು’ ಎಂಬ ಸೌಲಭ್ಯವಿದ್ದರೂ, ನಿನ್ನೆಯ ಐದನೆಯ ಉತ್ತರ ಯಾವ ಪದದ ಬಳಿ ನಿಂತಿತೆಂಬುದು ಅದರಲ್ಲಿ ಉಳಿದಿರುತ್ತದೆಂದು ನಂಬುವಂತಿಲ್ಲ.

ಆದ್ದರಿಂದ ಮೊದಲು ಹುಡುಕಬೇಕಾದುದು ಹಳೆಯ ಸಂವಾದವನ್ನು. ತಂತ್ರಾಂಶದ ಪಕ್ಕದ ಪಟ್ಟಿಯಲ್ಲಿ ಹಿಂದಿನ ಸಂವಾದಗಳು ಸಾಲಾಗಿರುತ್ತವೆ. ಫೋನ್ ಬೇರೆಯಾದರೂ ಅದೇ ಖಾತೆಯಿಂದ ಪ್ರವೇಶಿಸಿದರೆ ಸಾಮಾನ್ಯವಾಗಿ ಅವು ದೊರೆಯುತ್ತವೆ. ಖಾತೆಯಿಲ್ಲದೆ ಅಥವಾ ತಾತ್ಕಾಲಿಕ ಸಂವಾದದಲ್ಲಿ ನಡೆಸಿದ ಕೆಲಸ ಹೀಗೆ ಸಿಗುವುದು ಕಷ್ಟ.

ಅದು ಸಿಗದಿದ್ದರೆ ಸಂದರ್ಭವನ್ನು ಕೈಯಾರೆ ಕಟ್ಟಿಕೊಡಬೇಕು. ನಮ್ಮ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಮೊದಲ ನಾಲ್ಕು ಉತ್ತರಗಳೂ ಐದನೆಯದರ ಅರ್ಧವೂ ಇವೆ. ಆಕೆ ಬರೆಯಬೇಕಾದುದು ಇಷ್ಟು: ‘ಹತ್ತನೆಯ ತರಗತಿಗಾಗಿ ಎಂಟು ಪ್ರಶ್ನೋತ್ತರಗಳ ಕನ್ನಡ ಅನುವಾದ ನಡೆದಿತ್ತು. ನಾಲ್ಕು ಮುಗಿದಿವೆ. ಮಾದರಿಗಾಗಿ ನಾಲ್ಕನೆಯ ಉತ್ತರ ಇಲ್ಲಿದೆ. ಐದನೆಯದು ಈ ವಾಕ್ಯದಲ್ಲಿ ನಿಂತಿದೆ. ಮೂತ್ರಪಿಂಡ ಎಂಬ ಪದವನ್ನೇ ಬಳಸಬೇಕು. ಐದರಿಂದ ಎಂಟರವರೆಗಿನ ಇಂಗ್ಲಿಷ್ ಪಾಠ ಕೆಳಗಿದೆ.’ ಇದರ ಜೊತೆಗೆ ಆ ಮೂರನ್ನೂ, ಅಂದರೆ ಮಾದರಿ ಉತ್ತರ, ಅರ್ಧ ವಾಕ್ಯ, ಮೂಲ ಪಾಠಗಳನ್ನು, ಸೇರಿಸಬೇಕು. ಮೂಲ ಪಾಠವನ್ನು ಬಿಟ್ಟರೆ ಉಳಿದ ಉತ್ತರಗಳು ಅನುವಾದವಾಗದೆ ಊಹೆಯಾಗುತ್ತವೆ.

ಬಂದ ಬರಹ ನಿಜವಾದ ಮುಂದುವರಿಕೆಯೇ ಎಂಬುದನ್ನು ಹೊಲಿಗೆಯ ಜಾಗದಲ್ಲಿ ಪರೀಕ್ಷಿಸಬೇಕು. ಸಂಖ್ಯೆ ಮತ್ತೆ ಒಂದರಿಂದ ಆರಂಭವಾಯಿತೇ? ‘ಮೂತ್ರಪಿಂಡ’ ಎಂದಿದ್ದುದು ‘ಮೂತ್ರಜನಕಾಂಗ’ವಾಯಿತೇ? ಅರ್ಧ ವಾಕ್ಯಕ್ಕೆ ಹೊಸ ಭಾಗ ಅರ್ಥವಾಗಿ ಕೂಡಿಕೊಳ್ಳುತ್ತದೆಯೇ? ಮೂಲದಲ್ಲಿಲ್ಲದ ಸಂಗತಿ ನುಸುಳಿದೆಯೇ? ಒಂದು ಕಡೆ ತಪ್ಪಿದರೂ ಆ ಭಾಗವನ್ನು ಬಿಟ್ಟು, ಕೊರತೆಯಿದ್ದ ವಿವರವನ್ನು ಸೇರಿಸಿ ಮತ್ತೆ ಕೇಳುವುದೇ ಸರಿ. ಪರೀಕ್ಷೆಗೆ ಓದುವ ಮಗುವಿನ ಪುಸ್ತಕದಲ್ಲಿ ಒಂದೇ ಅಂಗಕ್ಕೆ ಎರಡು ಹೆಸರುಗಳು ಉಳಿದರೆ, ಅವು ಎರಡು ಅಂಗಗಳೆಂದೇ ಮಗು ಕಲಿಯಬಹುದು.